ಶುಕ್ರವಾರ ರಾತ್ರಿ ಹತ್ತೂವರೆಯ ಕಾಲ್

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಮೀಟಿಂಗ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತವರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕಾಫಿ ಮುಗಿದಿರುತ್ತದೆ, ವಾರದ ಕೆಲಸ ಒಂದು ಹದಕ್ಕೆ ಬಂದಿರುತ್ತದೆ, ಮಧ್ಯಾಹ್ನದ ಊಟಕ್ಕೆ ಇನ್ನೂ ಎರಡು ಗಂಟೆ ಇರುತ್ತದೆ. ಅದೇ ಇನ್ವೈಟ್ ಬೆಂಗಳೂರಿನ ಕ್ಯಾಲೆಂಡರಿಗೆ ಬಂದು ಬಿದ್ದಾಗ ಶುಕ್ರವಾರ ರಾತ್ರಿ ಹತ್ತೂವರೆ ಆಗಿರುತ್ತದೆ. ಅದನ್ನೇ ಅವರು ಮಧ್ಯಾಹ್ನ ಮೂರಕ್ಕೆ ತಳ್ಳಿದರೆ ನಮಗೆ ಶನಿವಾರ ನಸುಕಿನ ಮೂರೂವರೆ. ಕಳಿಸಿದವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ತಮ್ಮ ಪರದೆಯ ಮೇಲೆ ಕಂಡ ಖಾಲಿ ಚೌಕದಲ್ಲಿ ಒಂದು ಹೆಸರು ಬರೆದಿರುತ್ತಾರೆ, ಅಷ್ಟೇ.

ಇಂಥ ಇನ್ವೈಟಿಗೆ ಬೇಡ ಅನ್ನುವುದು ಹೇಗೆ ಎಂಬ ಪ್ರಶ್ನೆಯನ್ನು ಐಟಿ ಕೆಲಸದಲ್ಲಿರುವ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುತ್ತಾರೆ. ಸಭ್ಯವಾದ ಇಂಗ್ಲಿಷ್ ವಾಕ್ಯ ಸಿಗುತ್ತಿಲ್ಲ ಎಂಬುದೇ ತಮ್ಮ ತೊಂದರೆ ಎಂದು ಹೆಚ್ಚಿನವರು ಅಂದುಕೊಂಡಿರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ವಾಕ್ಯ ಕೊನೆಯಲ್ಲಿ ಬರುವ ಮಾತು. ಅದಕ್ಕೂ ಮೊದಲು ಎರಡೂ ಊರಿನ ಗಡಿಯಾರಗಳನ್ನು ಪಕ್ಕಪಕ್ಕ ಇಟ್ಟು ಒಂದು ಲೆಕ್ಕ ಹಾಕಬೇಕು. ಆ ಲೆಕ್ಕ ಸರಿಯಾಗಿ ಹಾಕಿದರೆ ಬೇಡ ಎನ್ನುವ ಕಾರಣವೂ ಅದರ ಬದಲಿಗೆ ಏನು ಮಾಡಬಹುದು ಎಂಬುದೂ ಒಟ್ಟಿಗೇ ಸಿಗುತ್ತವೆ. ಕ್ಯಾಲಿಫೋರ್ನಿಯಾದ ಕ್ಲೈಂಟಿನ ಉದಾಹರಣೆಯನ್ನೇ ಹಿಡಿದು ಹೇಳುತ್ತೇನೆ, ಏಕೆಂದರೆ ನಮ್ಮವರಿಗೆ ಅತಿ ಕಷ್ಟದ ಗಡಿಯಾರ ಅದೇ.

ಲಂಡನ್ನಿನ ಕ್ಲೈಂಟ್ ಇದ್ದವರಿಗೆ ಈ ಸಂಕಟ ಅಷ್ಟಿಲ್ಲ. ಅಲ್ಲಿ ಬೆಳಿಗ್ಗೆ ಒಂಬತ್ತಾದಾಗ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಸಂಜೆಯವರೆಗೆ ನಾಲ್ಕೈದು ಗಂಟೆ ಇಬ್ಬರೂ ಕಚೇರಿಯಲ್ಲೇ ಇರುತ್ತಾರೆ. ನ್ಯೂಯಾರ್ಕಿನವರ ಬೆಳಿಗ್ಗೆ ಎಂಟೂವರೆ ಎಂದರೆ ಬೇಸಿಗೆಯಲ್ಲಿ ನಮ್ಮ ಸಂಜೆ ಆರು. ಸ್ವಲ್ಪ ಎಳೆದಾಡಿದರೆ ಹೊಂದುತ್ತದೆ. ಅಮೆರಿಕದ ಪಶ್ಚಿಮ ಕರಾವಳಿ ಮಾತ್ರ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ನಮ್ಮ ಒಂಬತ್ತೂವರೆಯಿಂದ ಆರೂವರೆಯ ಕಚೇರಿ ಹೊತ್ತು ಬೇಸಿಗೆಯಲ್ಲೂ ಅವರಿಗೆ ಹಿಂದಿನ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಬೀಳುತ್ತದೆ. ಇಬ್ಬರ ಕಚೇರಿ ಹೊತ್ತೂ ಒಂದು ನಿಮಿಷವೂ ಕೂಡುವುದಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ಜೊತೆಗೆ ಮಾತನಾಡಬೇಕೆಂದರೆ ಯಾರಾದರೊಬ್ಬರು ಮನೆಯ ಹೊತ್ತನ್ನು ಬಿಟ್ಟುಕೊಡಲೇಬೇಕು. ಉಳಿದಿರುವುದು ಎರಡೇ ಕಿಂಡಿ: ಅವರ ಬೆಳಗಿನ ಎಂಟು, ನಮ್ಮ ರಾತ್ರಿ ಎಂಟೂವರೆ, ಇಲ್ಲವೇ ಅವರ ಸಂಜೆ ಆರೂವರೆ, ನಮ್ಮ ಬೆಳಿಗ್ಗೆ ಏಳು. ಈ ಎರಡರಲ್ಲಿ ಒಂದನ್ನು ವಾರಕ್ಕೆ ಎರಡು ದಿನ ಒಪ್ಪಿಕೊಳ್ಳುವುದು ಈ ಕೆಲಸದ ನ್ಯಾಯವಾದ ಬೆಲೆ. ಅದನ್ನೂ ಒಲ್ಲೆ ಎನ್ನುವವರು ಆ ಕ್ಲೈಂಟಿನ ಕೆಲಸವನ್ನು ಹಿಡಿಯಬಾರದು. ನಾನು ಬೇಡ ಎನ್ನಬೇಕು ಎನ್ನುತ್ತಿರುವುದು ಅದರಾಚೆಯದಕ್ಕೆ: ರಾತ್ರಿ ಒಂಬತ್ತೂವರೆ ದಾಟಿದ್ದಕ್ಕೆ, ಶುಕ್ರವಾರ ರಾತ್ರಿಗೆ, ಶನಿವಾರಕ್ಕೆ, ಭಾನುವಾರಕ್ಕೆ.

ನನಗೆ ಹತ್ತಿರದಿಂದ ಗೊತ್ತಿರುವ ಒಂದು ತಂಡದ ಕಥೆ ಹೇಳುತ್ತೇನೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿ, ಆರು ಜನರ ತಂಡ. ಅಮೆರಿಕದ ಅಂಗಡಿಗಳಲ್ಲಿ ಗಿರಾಕಿಗಳು ಹಣ ಕೊಡುವ ಕೌಂಟರಿನ ತಂತ್ರಾಂಶವನ್ನು ನೋಡಿಕೊಳ್ಳುವುದು ಅವರ ಕೆಲಸ. ತಂಡದ ಲೀಡ್ ಹುಬ್ಬಳ್ಳಿಯ ಕಡೆಯವರು, ಮನೆಯಲ್ಲಿ ಎರಡನೇ ತರಗತಿಯ ಮಗಳು ಮತ್ತು ಅತ್ತೆ. ಮಂಗಳವಾರ ಮತ್ತು ಗುರುವಾರ ರಾತ್ರಿ ಎಂಟೂವರೆಗೆ ಅರ್ಧ ಗಂಟೆಯ ಕಾಲ್ ಮೊದಲಿನಿಂದಲೂ ಇತ್ತು. ಅದಕ್ಕೆ ಯಾರದೂ ತಕರಾರಿರಲಿಲ್ಲ. ಎಂಟು ಗಂಟೆಗೇ ಊಟ ಮುಗಿಸಿ ಕೂರುತ್ತಿದ್ದರು.

ಆ ಕಡೆ ಹೊಸ ಪ್ರಾಡಕ್ಟ್ ಮ್ಯಾನೇಜರ್ ಬಂದ ಮೇಲೆ ಶುಕ್ರವಾರದ್ದೊಂದು ಸೇರಿತು. ರಿಲೀಸ್ ರಿವ್ಯೂ, ಅವರ ಬೆಳಿಗ್ಗೆ ಹತ್ತಕ್ಕೆ, ಪ್ರತಿ ವಾರ, ಕೊನೆಯ ದಿನಾಂಕವಿಲ್ಲದ ಇನ್ವೈಟ್. ಮೊದಲ ವಾರ ಎಲ್ಲರೂ ಹೋದರು. ಆ ಮನೆಯ ಊಟದ ಮೇಜಿನ ಮೇಲೆ ಮುಚ್ಚಿಟ್ಟ ಪಾತ್ರೆಗಳ ನಡುವೆ ಲ್ಯಾಪ್‌ಟಾಪ್, ಒಂದೇ ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಮಲಗುವ ಕೋಣೆಯ ಕಡೆಗೆ. ಮಗಳು ಎದ್ದು ನೀರು ಕೇಳಿದಾಗಲೆಲ್ಲ ಮ್ಯೂಟ್ ಒತ್ತಬೇಕು, ಮತ್ತೆ ತೆಗೆಯಬೇಕು. ಕಾಲ್ ಮುಗಿಯುವಾಗ ಹನ್ನೊಂದೂಕಾಲು. ನಾಲ್ಕು ತಿದ್ದುಪಡಿಗಳಲ್ಲಿ ಯಾವ ಮೂರು ಸೋಮವಾರ ಹೊರಹೋಗಬೇಕು ಎಂದು ತೀರ್ಮಾನವಾಯಿತು. ಆಮೇಲೆ ಎಲ್ಲರೂ ಮಲಗಿದರು. ಆ ತೀರ್ಮಾನದ ಮೇಲೆ ಕೆಲಸ ಶುರುವಾದದ್ದು ಸೋಮವಾರ ಬೆಳಿಗ್ಗೆ.

ಈ ಕೊನೆಯ ವಾಕ್ಯದಲ್ಲೇ ಎಲ್ಲ ಇದೆ. ಯಾವುದೇ ಮೀಟಿಂಗಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಮುಗಿದ ಮೇಲೆ ಕೆಲಸ ಶುರುವಾಗುವುದು ಯಾವಾಗ? ಮಂಗಳವಾರ ರಾತ್ರಿಯ ಕಾಲಿನಲ್ಲಿ ಆದ ತೀರ್ಮಾನ ಬುಧವಾರ ಬೆಳಿಗ್ಗೆ ಇಲ್ಲಿ ಕೆಲಸವಾಗುತ್ತದೆ, ಅವರು ಬುಧವಾರ ಎದ್ದಾಗ ಸಿದ್ಧವಾಗಿರುತ್ತದೆ. ಆ ಕಾಲಿಗೆ ಅರ್ಥವಿದೆ. ಶುಕ್ರವಾರ ರಾತ್ರಿಯದಕ್ಕೆ ಹಾಗಲ್ಲ. ಅದರ ಬೆನ್ನಿಗೇ ಇಲ್ಲಿ ಎರಡು ದಿನ ರಜೆ. ತೀರ್ಮಾನ ಶುಕ್ರವಾರ ರಾತ್ರಿ ಹತ್ತೂವರೆಗೆ ಬಂದರೂ ಶನಿವಾರ ಬೆಳಗಿನ ಜಾವ ಬಂದರೂ ನಮ್ಮ ಸೋಮವಾರ ಬೆಳಿಗ್ಗೆ ಒಂಬತ್ತೂವರೆಯೊಳಗೆ ಬಂದಿದ್ದರೆ ಸಾಕು, ಫಲ ಒಂದೇ. ವ್ಯತ್ಯಾಸವಾಗಬೇಕಾದರೆ ಯಾರಾದರೂ ಶನಿವಾರ ಕೆಲಸ ಮಾಡಬೇಕು. ಶುಕ್ರವಾರ ರಾತ್ರಿಯ ಮೀಟಿಂಗ್ ಒಂದೋ ವ್ಯರ್ಥ, ಇಲ್ಲವೇ ಅದು ಶನಿವಾರದ ಕೆಲಸಕ್ಕೆ ಹಾಕಿದ ಪೀಠಿಕೆ. ಎಷ್ಟೋ ತಂಡಗಳಲ್ಲಿ ಶನಿವಾರ ಹೀಗೆಯೇ ಹೋಗಿದೆ. ಶನಿವಾರ ಕೆಲಸ ಮಾಡಿ ಎಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಒಂದು ಪಟ್ಟಿ ಕೈಗೆ ಬಂದಿರುತ್ತದೆ, ಮನಸ್ಸು ತಡೆಯುವುದಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮವರು ಹೆಚ್ಚಾಗಿ ಗಮನಿಸುವುದಿಲ್ಲ. ನಮ್ಮ ಸೋಮವಾರ ಅವರ ಸೋಮವಾರಕ್ಕಿಂತ ಅರ್ಧ ದಿನ ಮೊದಲು ಹುಟ್ಟುತ್ತದೆ. ನಾವು ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದು ಕೂತಾಗ ಅವರಿಗೆ ಭಾನುವಾರ ರಾತ್ರಿ ಒಂಬತ್ತು. ಅವರು ಸೋಮವಾರ ಎದ್ದು ಮುಖ ತೊಳೆಯುವ ಹೊತ್ತಿಗೆ ನಮ್ಮ ಇಡೀ ಒಂದು ದಿನದ ಕೆಲಸ ಮುಗಿದಿರುತ್ತದೆ. ಕ್ಲೈಂಟ್ ಸೋಮವಾರ ಬೆಳಿಗ್ಗೆಗೆ ಬೇಕು ಎಂದು ಕೇಳಿದ್ದನ್ನು ಒಂದು ಗಂಟೆಯ ರಜೆಯನ್ನೂ ಕಳೆದುಕೊಳ್ಳದೆ ಕೊಡಬಹುದು. ಹಾಗೆಯೇ ನಮ್ಮ ಮ್ಯಾನೇಜರುಗಳು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒಂದು ಕಾಲ್ ಇಟ್ಟುಬಿಡೋಣ ಎಂದು ಉತ್ಸಾಹದಿಂದ ಇನ್ವೈಟ್ ಕಳಿಸಿದಾಗ ಅವರ ಭಾನುವಾರದ ರಾತ್ರಿಯನ್ನು ಕೇಳುತ್ತಿರುತ್ತಾರೆ. ಆ ಕಡೆಯವರು ಅದಕ್ಕೆ ಬಾರೆವು ಎಂದು ಸಂಕೋಚವಿಲ್ಲದೆ ಬರೆಯುತ್ತಾರೆ. ಬರೆಯಲೂ ಬೇಕು. ನಾವು ಅದನ್ನು ಅವಮಾನ ಎಂದುಕೊಳ್ಳುವುದಿಲ್ಲವಲ್ಲ, ನಮ್ಮ ಶುಕ್ರವಾರ ರಾತ್ರಿಗೂ ಅದೇ ಮರ್ಯಾದೆ ಸಲ್ಲಬೇಕು.

ಮತ್ತೆ ಆ ತಂಡಕ್ಕೆ ಬರುತ್ತೇನೆ. ಎರಡನೇ ಶುಕ್ರವಾರದ ನಂತರ ತಂಡದಲ್ಲಿ ಎಲ್ಲರಿಗಿಂತ ಕಿರಿಯ ಹುಡುಗ ಲೀಡ್ ಹತ್ತಿರ ಬಂದು, “ಮೇಡಂ, ಇದು ಪ್ರತಿ ವಾರನಾ? ಶುಕ್ರವಾರ ರಾತ್ರಿ ಊರಿಗೆ ಬಸ್ಸು ಹಿಡಿಯೋಕೇ ಆಗ್ತಿಲ್ಲ” ಎಂದ. ಚನ್ನರಾಯಪಟ್ಟಣದ ಹುಡುಗ, ತಿಂಗಳಿಗೆರಡು ಸಲ ಅಪ್ಪ ಅಮ್ಮನನ್ನು ನೋಡಿ ಬರುವವನು. ಲೀಡ್ ಅದನ್ನು ಅಕೌಂಟ್ ಮ್ಯಾನೇಜರಿಗೆ ಹೇಳಿದರು. “ಕ್ಲೈಂಟ್ ಅಲ್ವಾ ಮೇಡಂ, ಹೇಗೆ ಬೇಡ ಅನ್ನೋದು? ಇನ್ನೆರಡು ವಾರ ನೋಡೋಣ” ಎಂಬ ಉತ್ತರ ಬಂತು. ಈ ಎರಡು ವಾರವೇ ಅಪಾಯದ್ದು. ಮೊದಲ ಒಂದೆರಡು ಇನ್ವೈಟಿಗೆ ಬರುವ ಉತ್ತರ ಪ್ರಶ್ನೆಯಂತೆ ಕಾಣುತ್ತದೆ, ಆರನೆಯದಕ್ಕೆ ಬರುವ ಅದೇ ಉತ್ತರ ದೂರಿನಂತೆ ಕಾಣುತ್ತದೆ. ಆಗ ಆ ಕಡೆಯವರಿಗೆ ನಿಜವಾಗಿಯೂ ಆಶ್ಚರ್ಯವಾಗುತ್ತದೆ: ಇಷ್ಟು ದಿನ ಎಲ್ಲರೂ ಬರುತ್ತಿದ್ದರಲ್ಲ, ಈಗೇನಾಯಿತು?

ಲೀಡ್ ಕಾಯಲಿಲ್ಲ. ಗುರುವಾರದ ಕಾಲಿನ ಕೊನೆಯಲ್ಲಿ ಆ ಪ್ರಾಡಕ್ಟ್ ಮ್ಯಾನೇಜರಿಗೆ ಒಂದೇ ಪ್ರಶ್ನೆ ಕೇಳಿದರು: ಶುಕ್ರವಾರದ ಮೀಟಿಂಗಿನಿಂದ ನಿಮಗೆ ಬೇಕಾದದ್ದು ಏನು? ಸೋಮವಾರ ತಮ್ಮ ಬೆಳಿಗ್ಗೆ ಹತ್ತಕ್ಕೆ ಹೊರಹೋಗುವ ರಿಲೀಸಿನಲ್ಲಿ ಏನೇನು ಇರಬೇಕು, ಏನಿರಬಾರದು ಎಂದು ತೀರ್ಮಾನಿಸಬೇಕು, ಅಷ್ಟೇ ಎಂದರು ಅವರು. ಉತ್ತರ ಸಿಕ್ಕಿತು. ಬೇಕಾಗಿದ್ದದ್ದು ಮುಖಾಮುಖಿ ಮಾತಲ್ಲ, ಹೌದು ಅಥವಾ ಇಲ್ಲ ಎಂಬ ನಾಲ್ಕೈದು ಗುರುತು. ಮರುದಿನ ಬೆಳಿಗ್ಗೆ ಲೀಡ್ ಬರೆದ ಇಂಗ್ಲಿಷ್ ಮೇಲ್ ಕನ್ನಡದಲ್ಲಿ ಹೀಗಿರುತ್ತದೆ:

“ಶುಕ್ರವಾರ ನಿಮ್ಮ ಬೆಳಿಗ್ಗೆ 10 ಎಂದರೆ ಬೆಂಗಳೂರಿನಲ್ಲಿ ರಾತ್ರಿ 10.30, ನವೆಂಬರಿನಿಂದ 11.30 ಆಗುತ್ತದೆ. ವಾರದ ಈ ಮೀಟಿಂಗಿಗೆ ನಮ್ಮ ತಂಡಕ್ಕೆ ಬರಲಾಗುವುದಿಲ್ಲ. ನಿಮ್ಮ ತೀರ್ಮಾನ ಮಾತ್ರ ತಡವಾಗದ ಹಾಗೆ ಹೀಗೆ ಮಾಡೋಣ. ಗುರುವಾರ ನಿಮ್ಮ ಬೆಳಿಗ್ಗೆ 8ರ ಕಾಲಿನ ಕೊನೆಯ ಹದಿನೈದು ನಿಮಿಷ ರಿಲೀಸಿಗೆ ಇಡೋಣ. ಪ್ರತಿ ಶುಕ್ರವಾರ ನೀವು ಕಚೇರಿಗೆ ಬರುವ ಮೊದಲೇ ಅಂತಿಮ ಪಟ್ಟಿ, ಪ್ರತಿಯೊಂದರ ಪರೀಕ್ಷೆಯ ಫಲಿತಾಂಶ, ನಮ್ಮ ಸಲಹೆ ನಿಮ್ಮ ಇನ್‌ಬಾಕ್ಸಿನಲ್ಲಿ ಇರುತ್ತವೆ. ಶುಕ್ರವಾರ ಸಂಜೆ 5ರೊಳಗೆ ನೀವು ಗುರುತು ಹಾಕಿದರೆ ಸಾಕು. ಭಾನುವಾರ ನಿಮ್ಮ ರಾತ್ರಿ 9ಕ್ಕೆ ನಾವು ಕೆಲಸ ಶುರು ಮಾಡಿ ಸೋಮವಾರ ನೀವು ಏಳುವುದರೊಳಗೆ ರಿಲೀಸ್ ಸಿದ್ಧ ಮಾಡಿರುತ್ತೇವೆ. ಅಂಗಡಿಗಳಲ್ಲಿ ಹಣ ಪಾವತಿ ನಿಂತುಹೋದರೆ ಯಾವ ಹೊತ್ತಾದರೂ ಆನ್-ಕಾಲ್ ಸಂಖ್ಯೆಗೆ ಫೋನ್ ಮಾಡಿ.”

ಈ ಮೇಲಿನಲ್ಲಿ ಇಲ್ಲದ್ದನ್ನು ಮೊದಲು ನೋಡಿ. ಕ್ಷಮೆ ಇಲ್ಲ. ಮಗಳ ಮಾತಿಲ್ಲ, ಅತ್ತೆಯ ಆರೋಗ್ಯದ ಮಾತಿಲ್ಲ, ಬಸ್ಸಿನ ಮಾತೂ ಇಲ್ಲ. ಅವೆಲ್ಲ ನಿಜವಾದ ಕಾರಣಗಳೇ. ಆದರೆ ಮನೆಯ ಕಾರಣ ಕೊಟ್ಟ ಕೂಡಲೇ ಮಾತು ಆ ಒಬ್ಬರ ಮೇಲೆ ತಿರುಗುತ್ತದೆ. ಹಾಗಾದರೆ ನೀವು ಬಿಡಿ, ತಂಡದಲ್ಲಿ ಬೇರೆ ಯಾರಾದರೂ ಬರಲಿ ಎಂಬ ಉತ್ತರ ಸಹಜವಾಗಿ ಬರುತ್ತದೆ. ಮಕ್ಕಳಿಲ್ಲದ, ಮದುವೆಯಾಗದ ಕಿರಿಯನೊಬ್ಬನ ಮೇಲೆ ಆ ರಾತ್ರಿ ಹೋಗಿ ಬೀಳುತ್ತದೆ. ಅವನ ಶುಕ್ರವಾರ ಅಗ್ಗವೇ? ಗಡಿಯಾರದ ಕಾರಣ ಆರೂ ಜನಕ್ಕೆ ಒಂದೇ. ಅದಕ್ಕೇ ಅದು ಗಟ್ಟಿ.

ಇನ್ನು ಅದರಲ್ಲಿ ಇರುವುದು. ಪ್ರತಿ ಸಮಯವನ್ನೂ ಅವರ ಗಡಿಯಾರದಲ್ಲಿ ಹೇಳಿದ್ದಾರೆ. ಓದುವವರು ಕೂಡಿ ಕಳೆಯಬೇಕಾಗಿಲ್ಲ. ‘ಐಎಸ್‌ಟಿ’ ಎಂಬ ಮೂರಕ್ಷರವನ್ನು ಬಳಸದೆ ಬೆಂಗಳೂರು ಎಂದು ಬರೆದಿದ್ದಾರೆ. ಆ ಮೂರಕ್ಷರವನ್ನು ಐರ್ಲೆಂಡಿನವರೂ ಇಸ್ರೇಲಿನವರೂ ತಮ್ಮ ಸಮಯಕ್ಕೆ ಬಳಸುತ್ತಾರೆ, ಮೂರು ದೇಶಗಳವರು ಇರುವ ಮೇಲ್‌ಗಳಲ್ಲಿ ಇದರಿಂದ ಗೊಂದಲವಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ತುರ್ತು ಎಂದರೆ ಏನು ಎಂದು ಒಂದು ಸಾಲಿನಲ್ಲಿ ಹೇಳಿದ್ದಾರೆ. ರಾತ್ರಿ ಬಾರೆವು ಎಂದ ತಂಡ ಅಂಗಡಿಯ ಕೌಂಟರ್ ಕೆಟ್ಟು ನಿಂತರೂ ಬಾರದೇನೋ ಎಂಬ ಭಯ ಯಾವ ಕ್ಲೈಂಟಿಗೂ ಇರುತ್ತದೆ. ಆ ಭಯವನ್ನು ಕಳೆಯದೆ ಕೊಟ್ಟ ನಿರಾಕರಣೆ ಒಂದು ತಿಂಗಳೂ ನಿಲ್ಲುವುದಿಲ್ಲ. ತುರ್ತಿಗೆ ಫೋನ್, ತೀರ್ಮಾನಕ್ಕೆ ಬರಹ, ಚರ್ಚೆಗೆ ಗುರುವಾರ ಎಂದು ಬೇರೆ ಬೇರೆ ದಾರಿ ಮಾಡಿಕೊಟ್ಟಾಗ ಮಾತ್ರ ಎಲ್ಲವನ್ನೂ ಮೀಟಿಂಗಿಗೆ ತುಂಬುವ ಅಭ್ಯಾಸ ತಪ್ಪುತ್ತದೆ.

ಆನ್-ಕಾಲ್ ಎಂಬುದು ಬಾಯಿಮಾತಾಗಬಾರದು. ಆ ತಂಡದಲ್ಲಿ ಅದು ವಾರಕ್ಕೊಬ್ಬರಂತೆ ಸರದಿಯಲ್ಲಿ ಹೋಗುತ್ತದೆ, ಲೀಡ್ ಕೂಡ ಸರದಿಯಲ್ಲಿದ್ದಾರೆ. ರಜೆಯ ದಿನ ಫೋನ್ ಬಂದು ಕೆಲಸ ಮಾಡಿದವರಿಗೆ ಮುಂದಿನ ವಾರ ಕಾಂಪ್ ಆಫ್. ಫೋನ್ ಬಂದದ್ದು ಏಕೆ ಎಂದು ಪ್ರತಿ ಸಲವೂ ಒಂದು ಸಾಲು ಬರೆದಿಡುತ್ತಾರೆ. ಮೂರು ತಿಂಗಳ ನಂತರ ಆ ಸಾಲುಗಳನ್ನು ಓದಿದರೆ ತುರ್ತಿನ ಹೆಸರಿನಲ್ಲಿ ಬಂದ ತುರ್ತಲ್ಲದವು ಎಷ್ಟು ಎಂದು ತಾನಾಗಿ ಗೊತ್ತಾಗುತ್ತದೆ, ಕ್ಲೈಂಟಿಗೆ ತೋರಿಸಲು ಕೈಯಲ್ಲಿ ದಾಖಲೆಯೂ ಇರುತ್ತದೆ.

ಪ್ರಾಡಕ್ಟ್ ಮ್ಯಾನೇಜರ್ ಒಪ್ಪಿದರೇ? ಒಪ್ಪಿದರು, ಒಂದು ಷರತ್ತಿನ ಮೇಲೆ: ಪಟ್ಟಿ ಒಂದು ಶುಕ್ರವಾರ ತಪ್ಪಿದರೂ ಮೀಟಿಂಗ್ ವಾಪಸ್. ನ್ಯಾಯವಾದ ಷರತ್ತು. ರಾತ್ರಿಯ ಕಾಲನ್ನು ಬರಹದಿಂದ ಬದಲಿಸುವುದೆಂದರೆ ಬರಹ ಅಷ್ಟು ಚೆನ್ನಾಗಿರಬೇಕು. ‘ಕೆಲಸ ನಡೆಯುತ್ತಿದೆ’ ಎಂಬ ಪಟ್ಟಿ ಕಳಿಸಿದರೆ ಅವರು ಕಾಲ್ ಮಾಡಿಯೇ ಮಾಡುತ್ತಾರೆ. ಯಾವ ತಿದ್ದುಪಡಿ, ಎಲ್ಲಿ ಪರೀಕ್ಷಿಸಿದ್ದು, ಯಾವುದು ಇನ್ನೂ ಅನುಮಾನ, ಬಿಟ್ಟರೆ ಏನಾಗುತ್ತದೆ, ನಾವೇ ಆಗಿದ್ದರೆ ಏನು ಮಾಡುತ್ತಿದ್ದೆವು ಎಂದು ಬರೆಯಬೇಕು. ಅದನ್ನು ಬರೆಯಲು ಆ ತಂಡಕ್ಕೆ ಶುಕ್ರವಾರ ಮಧ್ಯಾಹ್ನ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹಗಲಿನ ಮುಕ್ಕಾಲು ಗಂಟೆ ಕೊಟ್ಟು ಆರು ಜನರ ರಾತ್ರಿಯನ್ನು ಉಳಿಸಿಕೊಂಡರು.

ತೊಂದರೆ ಎಲ್ಲಿ ಬರುತ್ತದೆ ಎಂದೂ ಹೇಳಬೇಕು. ಮೊದಲನೆಯದು ಕ್ಯಾಲೆಂಡರಿನ ಗುಂಡಿ. ಇನ್ವೈಟನ್ನು ತೆರೆದು ಡಿಕ್ಲೈನ್ ಒತ್ತಿದಾಗ ಆ ಒಂದು ದಿನಕ್ಕೋ, ಇಡೀ ಸರಣಿಗೋ ಎಂಬುದನ್ನು ನೋಡಿಕೊಳ್ಳದೆ ಒಂದು ದಿನದ್ದನ್ನು ಮಾತ್ರ ತಿರಸ್ಕರಿಸಿದರೆ ಆ ಶುಕ್ರವಾರ ನಿಮಗೆ ಬಿಡುವಿರಲಿಲ್ಲ ಎಂದಷ್ಟೇ ಅರ್ಥವಾಗುತ್ತದೆ, ಮುಂದಿನ ವಾರ ಮತ್ತೆ ಕಾಯುತ್ತಾರೆ. ಬರಹವಿಲ್ಲದೆ ಬರೀ ಡಿಕ್ಲೈನ್ ಒತ್ತುವುದೂ ಸರಿಯಲ್ಲ, ಅದು ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ. ಮೊದಲು ಮೇಲ್, ಒಪ್ಪಿಗೆಯಾದ ಮೇಲೆ ಇಡೀ ಸರಣಿಯನ್ನು ತೆಗೆದುಹಾಕಿ ಎಂದು ಇನ್ವೈಟ್ ಕಳಿಸಿದವರನ್ನೇ ಕೇಳಬೇಕು. ಕ್ಯಾಲೆಂಡರಿನಲ್ಲಿ ಕೆಲಸದ ಹೊತ್ತನ್ನು ನಮೂದಿಸಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ನಮ್ಮದೇ ಕಂಪನಿಯವರಿಗೆ ಅದು ಉಪಯೋಗ. ನಮ್ಮ ಕ್ಯಾಲೆಂಡರ್ ಕಾಣದ ಹೊರಗಿನ ಕ್ಲೈಂಟಿಗೆ ಆ ಎಚ್ಚರಿಕೆ ಮುಟ್ಟುವುದೇ ಇಲ್ಲ.

ಎರಡನೆಯದು ಅಮೆರಿಕದವರ ಗಡಿಯಾರ ತಿರುಗಿಸುವ ಪದ್ಧತಿ. ಮಾರ್ಚಿನ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ. 2007ರಿಂದ ಅಲ್ಲಿ ಇದೇ ಕ್ರಮ. ನಮ್ಮ ಗಡಿಯಾರ ವರ್ಷವಿಡೀ ಅಲ್ಲೇ ಇರುತ್ತದೆ. ವಾರವಾರದ ಮೀಟಿಂಗನ್ನು ಕ್ಯಾಲೆಂಡರ್ ಯಾವ ಊರಿನ ಸಮಯಕ್ಕೆ ಕಟ್ಟಿದೆ ಎಂಬುದರ ಮೇಲೆ ಯಾರ ಹೊತ್ತು ಸರಿಯುತ್ತದೆ ಎಂಬುದು ನಿರ್ಧಾರವಾಗುತ್ತದೆ. ಅವರು `America/Los_Angeles` ಇಟ್ಟು ಕಳಿಸಿದ ಬೆಳಿಗ್ಗೆ ಎಂಟರ ಕಾಲ್ ನವೆಂಬರಿನ ಮೊದಲ ವಾರ ಸದ್ದಿಲ್ಲದೆ ನಮ್ಮ ಎಂಟೂವರೆಯಿಂದ ಒಂಬತ್ತೂವರೆಗೆ ಜಾರುತ್ತದೆ. ನಾವು `Asia/Kolkata` ಇಟ್ಟು ಕಳಿಸಿದ್ದರೆ ನಮ್ಮ ಎಂಟೂವರೆ ಹಾಗೇ ನಿಲ್ಲುತ್ತದೆ, ಅವರಿಗೆ ಬೆಳಿಗ್ಗೆ ಏಳಾಗುತ್ತದೆ, ಅವರು ಆಕ್ಷೇಪಿಸುತ್ತಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಆದರೆ ಸರಿದ ಮೇಲೆ ಗೊಣಗುವುದಕ್ಕಿಂತ ಸರಿಯುವ ಮೊದಲೇ ಮಾತಾಡುವುದು ಮೇಲು. ಆ ಲೀಡ್ ಅಕ್ಟೋಬರಿನ ಮಧ್ಯದಲ್ಲೇ ಬರೆದರು: ಚಳಿಗಾಲದ ನಾಲ್ಕು ತಿಂಗಳು ಮಂಗಳವಾರದ ಕಾಲ್ ನಿಮ್ಮ ಬೆಳಿಗ್ಗೆ ಏಳೂವರೆಗೆ, ಗುರುವಾರದ್ದು ಎಂಟಕ್ಕೆ. ಎಂದರೆ ನಮಗೆ ಒಂಬತ್ತು ಮತ್ತು ಒಂಬತ್ತೂವರೆ. ಇಬ್ಬರೂ ಅಷ್ಟಿಷ್ಟು ಬಿಟ್ಟುಕೊಟ್ಟರು. ಲಂಡನ್ನಿನವರೂ ಅದೇ ಕಾಲಿನಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಯುರೋಪಿನವರು ಗಡಿಯಾರ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು. ನಡುವಿನ ಆ ಕೆಲವು ವಾರ ಮೂರು ಊರಿನ ಲೆಕ್ಕವೂ ತಪ್ಪುತ್ತದೆ.

ಮೂರನೆಯದನ್ನು ಹೇಳುವಾಗ ನನಗೆ ಬೇಸರವಾಗುತ್ತದೆ. ಹಲವು ಸಲ ಮಧ್ಯರಾತ್ರಿಯ ಕಾಲನ್ನು ಕೇಳಿದ್ದು ಕ್ಲೈಂಟ್ ಅಲ್ಲವೇ ಅಲ್ಲ. ‘ನಮ್ಮವರು ಯಾವ ಹೊತ್ತಿಗಾದರೂ ಸಿಗುತ್ತಾರೆ’ ಎಂದು ಕೆಲಸ ಹಿಡಿಯುವಾಗಲೇ ನಮ್ಮ ಕಡೆಯವರು ಮಾತು ಕೊಟ್ಟಿರುತ್ತಾರೆ. ಒಪ್ಪಂದದ ಕಾಗದದಲ್ಲಿ ‘ದಿನಕ್ಕೆ ಎರಡು ಗಂಟೆ ಓವರ್‌ಲ್ಯಾಪ್’ ಎಂದಿರುತ್ತದೆ. ಯಾರ ಹಗಲಿನ ಎರಡು ಗಂಟೆ, ಬೇಸಿಗೆಯ ಲೆಕ್ಕವೋ ಚಳಿಗಾಲದ್ದೋ, ಶುಕ್ರವಾರ ಸೇರಿತೋ ಇಲ್ಲವೋ ಒಂದೂ ಇರುವುದಿಲ್ಲ. ಲೀಡ್ ಆದವರು ಕ್ಲೈಂಟಿಗೆ ಮೇಲ್ ಬರೆಯುವ ಮೊದಲು ಆ ಕಾಗದವನ್ನು ತರಿಸಿಕೊಂಡು ಓದಬೇಕು. ಅದರಲ್ಲಿ ರಾತ್ರಿ ಪಾಳಿಯೇ ಇದ್ದರೆ, ಅದಕ್ಕೆ ಶಿಫ್ಟ್ ಅಲೋಯನ್ಸ್, ಕ್ಯಾಬ್, ಮರುದಿನ ತಡವಾಗಿ ಬರುವ ಅನುಕೂಲ ಎಲ್ಲ ಇದ್ದರೆ, ರಾತ್ರಿಯೇ ನಿಮ್ಮ ಕೆಲಸದ ಹೊತ್ತು. ಅದನ್ನು ಬೇಡ ಎನ್ನುವ ಹಕ್ಕಿಲ್ಲ. ಇವು ಯಾವುವೂ ಇಲ್ಲದೆ ಹಗಲಿನ ಕೆಲಸದ ಮೇಲೆ ರಾತ್ರಿಯದನ್ನೂ ಹೇರಿದ್ದರೆ ಮಾತಾಡಬೇಕಾದದ್ದು ಮೊದಲು ನಮ್ಮದೇ ಮ್ಯಾನೇಜರ್ ಹತ್ತಿರ.

ಕಾನೂನು ಏನು ಹೇಳುತ್ತದೆ? ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದ್ದು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂಬ ಮಿತಿಯನ್ನು ಅದೇ ಹಾಕಿತು. ಮನೆಯ ಮೇಜಿನಿಂದ ರಾತ್ರಿ ಹತ್ತೂವರೆಗೆ ಸೇರುವ ಕಾಲಿನಂಥದ್ದನ್ನು ಊಹಿಸಿ ಬರೆದ ಕಾಯಿದೆ ಅದಲ್ಲ. ಬೇರೆ ಕಡೆ ಹೊಸ ಕಾನೂನುಗಳು ಬಂದಿವೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ನೌಕರರು ಕೆಲಸದ ಹೊತ್ತು ಮುಗಿದ ಮೇಲೆ ಬಂದ ಸಂದೇಶವನ್ನು ನೋಡದೆ ಇರಬಹುದು, ಉತ್ತರಿಸದೆ ಇರಬಹುದು. ಸಣ್ಣ ಉದ್ಯಮಗಳಿಗೆ ಇದು ಒಂದು ವರ್ಷ ತಡವಾಗಿ ಅನ್ವಯವಾಯಿತು. ಮಾಲೀಕರಷ್ಟೇ ಅಲ್ಲ, ಕೆಲಸದ ಸಲುವಾಗಿ ಸಂಪರ್ಕಿಸುವ ಕ್ಲೈಂಟಿನಂಥ ಹೊರಗಿನವರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಆದರೆ ನಿರಾಕರಣೆ ನ್ಯಾಯಸಮ್ಮತವಾಗಿರಬೇಕು. ಸಂಪರ್ಕಿಸಿದ ಕಾರಣವೇನು, ಅದರಿಂದ ಎಷ್ಟು ಅಡಚಣೆ, ಆ ಹೊತ್ತಿಗೆಂದು ಹಣ ಕೊಡುತ್ತಾರೋ, ನೌಕರರ ಹುದ್ದೆ ಯಾವುದು, ಮನೆಯ ಪರಿಸ್ಥಿತಿ ಏನು ಎಂಬುದನ್ನೆಲ್ಲ ನೋಡಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಆ ಕಾನೂನು ನಮಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಯಾವುದನ್ನು ಬೇಡ ಎನ್ನಬಹುದು, ಯಾವುದನ್ನು ಎನ್ನಬಾರದು ಎಂದು ಅಳೆಯಲು ಆ ಐದು ಪ್ರಶ್ನೆಗಳು ಬೆಂಗಳೂರಿನಲ್ಲೂ ಕೆಲಸಕ್ಕೆ ಬರುತ್ತವೆ. ಹುದ್ದೆ ದೊಡ್ಡದಾದಷ್ಟೂ ರಾತ್ರಿಯ ಫೋನ್ ಎತ್ತುವ ಹೊಣೆ ಹೆಚ್ಚು. ನಮ್ಮಲ್ಲಿ ಎಷ್ಟೋ ಕಡೆ ಇದು ತಿರುಗುಮುರುಗಾಗಿದೆ, ಕಿರಿಯರನ್ನು ಎಬ್ಬಿಸಿ ಹಿರಿಯರು ಮಲಗುತ್ತಾರೆ.

ಒಬ್ಬಂಟಿಯಾಗಿ ದುಡಿಯುವ ಫ್ರೀಲ್ಯಾನ್ಸ್ ಮಂದಿಯ ಕಷ್ಟ ಬೇರೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಕೂತು ಒಬ್ಬರೇ ಕೆಲಸ ಮಾಡುವವರಿಗೆ ಸರದಿ ಇಲ್ಲ, ಬೆನ್ನಿಗೆ ಕಂಪನಿ ಇಲ್ಲ, ಕ್ಲೈಂಟ್ ಹೋದರೆ ಆ ತಿಂಗಳ ಬಾಡಿಗೆಯೇ ಹೋಗುತ್ತದೆ. ಅವರು ಮೊದಲ ಕೊಟೇಶನ್ ಕಳಿಸುವಾಗಲೇ ಕಾಲಿಗೆ ಸಿಗುವ ಹೊತ್ತನ್ನು ಕ್ಲೈಂಟಿನ ಗಡಿಯಾರದಲ್ಲಿ ಬರೆದುಬಿಡಬೇಕು. ದರ ಹೇಳುವ ಕಾಗದದಲ್ಲೇ ಅದಿದ್ದರೆ ಅದು ಷರತ್ತು. ಮೂರು ತಿಂಗಳ ನಂತರ ಹೇಳಿದರೆ ಅದು ತಗಾದೆ.

ರಿಯಾದಿನ ಕ್ಲೈಂಟ್ ಇದ್ದವರು ಒಂದು ವಿಷಯ ನೆನಪಿಡಬೇಕು. ಸೌದಿಯಲ್ಲಿ ವಾರ ಶುರುವಾಗುವುದು ಭಾನುವಾರ, ರಜೆ ಶುಕ್ರವಾರ ಮತ್ತು ಶನಿವಾರ. ಅಲ್ಲಿಂದ ಭಾನುವಾರದ ಇನ್ವೈಟ್ ಬಂದರೆ ಅವರು ನಿಮ್ಮ ರಜೆಯನ್ನು ಕಸಿಯಲು ಹೊರಟಿದ್ದಾರೆ ಎಂದುಕೊಳ್ಳಬೇಡಿ, ಅವರಿಗೆ ಅದು ನಮ್ಮ ಸೋಮವಾರದಂಥ ದಿನ. ಗಡಿಯಾರದ ಅಂತರ ಬರೀ ಎರಡೂವರೆ ಗಂಟೆ. ಸೋಮವಾರದಿಂದ ಗುರುವಾರದವರೆಗೆ ಹಗಲಿನ ಹೆಚ್ಚಿನ ಹೊತ್ತು ಇಬ್ಬರಿಗೂ ಸಿಗುತ್ತದೆ, ಮೀಟಿಂಗುಗಳನ್ನು ಅಲ್ಲಿಗೆ ತರಬಹುದು. ಭಾನುವಾರ ಯಾರಾದರೂ ಇರಲೇಬೇಕೆಂದರೆ ಸರದಿಯಲ್ಲಿ ಒಬ್ಬರು ಇದ್ದು ಶುಕ್ರವಾರ ರಜೆ ಪಡೆಯಲಿ.

ಕೊನೆಗೆ ನನ್ನ ಮನವಿ ಅಕೌಂಟ್ ಮ್ಯಾನೇಜರುಗಳಿಗೆ ಮತ್ತು ಡೆಲಿವರಿ ಹೆಡ್‌ಗಳಿಗೆ. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೆಲವು ಸಾಲು ಸೇರಿಸಿ: ವಾರಕ್ಕೆ ಎಷ್ಟು ಕಾಲ್, ಎರಡೂ ಊರಿನ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ, ಬೇಸಿಗೆ ಮತ್ತು ಚಳಿಗಾಲಕ್ಕೆ ಬೇರೆ ಬೇರೆಯಾಗಿ, ತುರ್ತು ಎಂದರೆ ಯಾವುದು, ಆ ಹೊತ್ತಿನಲ್ಲಿ ಫೋನ್ ಎತ್ತುವವರಿಗೆ ಏನು ಸಿಗುತ್ತದೆ, ಶುಕ್ರವಾರ ಸಂಜೆ ಆರೂವರೆಯ ನಂತರ ಮೀಟಿಂಗ್ ಇಲ್ಲ. 2026ರಲ್ಲಿ ಅಮೆರಿಕದ ಗಡಿಯಾರ ಹಿಂದಕ್ಕೆ ಹೋಗುವುದು ನವೆಂಬರ್ 1ರ ಭಾನುವಾರ. ನಿಮ್ಮ ತಂಡದ ಎಂಟೂವರೆಯ ಕಾಲ್‌ಗಳು ಆ ವಾರದಿಂದ ಒಂಬತ್ತೂವರೆಯಾಗುತ್ತವೋ ಇಲ್ಲವೋ ಎಂದು ಅಕ್ಟೋಬರಿನಲ್ಲೇ ಕ್ಯಾಲೆಂಡರ್ ತೆರೆದು ನೋಡಿ, ಕ್ಲೈಂಟಿಗೆ ನೀವೇ ಬರೆಯಿರಿ. ತಂಡದ ಕಿರಿಯರು ಬಂದು ಕೇಳುವವರೆಗೆ ಕಾಯಬೇಡಿ. ಹೆಚ್ಚಿನವರು ಕೇಳುವುದೇ ಇಲ್ಲ.